ಕೊಳಗ ಯಾರ ಕೈಯಲ್ಲಿದೆ

ದೂರದಲ್ಲಿದ್ದುಕೊಂಡು ಊರಿನ ಜಮೀನಿನಿಂದ ಆದಾಯ ಪಡೆಯುವುದು ವಿಮಾನ ಹತ್ತಿದ ಮೇಲೆ ಕನ್ನಡಿಗರಿಗೆ ಹೊಳೆದ ಉಪಾಯವೇನಲ್ಲ. ಕರಾವಳಿಯ ಹಳೆಯ ದಾಖಲೆಗಳಲ್ಲಿ ಸಿಗುವ ಮೂಲಗೇಣಿ, ಚಾಲಗೇಣಿ ಎಂಬ ಪದಗಳೇ ಈ ಪದ್ಧತಿಯ ವಯಸ್ಸನ್ನು ಹೇಳುತ್ತವೆ. ತಲೆಮಾರುಗಳವರೆಗೆ ಬದಲಾಗದ ನಿಗದಿತ ಗೇಣಿಗೆ ಭೂಮಿಯನ್ನು ಶಾಶ್ವತವಾಗಿ ಬಿಟ್ಟುಕೊಡುವುದು ಮೂಲಗೇಣಿಯಾದರೆ, ಒಡೆಯನು ಬೇಕೆಂದಾಗ ಬಿಡಿಸಿಕೊಳ್ಳಬಹುದಾದದ್ದು ಚಾಲಗೇಣಿ. ಎರಡರಲ್ಲಿಯೂ ಒಡೆಯನು ಗದ್ದೆಗಿಳಿಯಬೇಕಾದ ಅಗತ್ಯವಿರಲಿಲ್ಲ, ಆದರೆ ಸುಗ್ಗಿಯ ಕಾಲಕ್ಕೆ ಅಳತೆಯ ಪಾತ್ರೆ ಮಾತ್ರ ಅವನ ಕಡೆಯದೇ ಆಗಿರುತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹದ ಮೂಲದಲ್ಲಿದ್ದದ್ದು ಇದೇ ಪಾತ್ರೆ: ಗೇಣಿ ಭತ್ತವನ್ನು ಒಡೆಯರು ರೂಢಿಯದಕ್ಕಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆಂಬುದು ಗೇಣಿದಾರರ ದೂರಾಗಿತ್ತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದ ಮೇಲೆ ಒಂದು ಕೊಳಗದ ಜಗಳ ದೇಶದ ಸುದ್ದಿಯಾಯಿತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಯ ಜಮೀನನ್ನು ಸರ್ಕಾರಕ್ಕೆ ಸೇರಿಸಿ, ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದ ಗೇಣಿದಾರನಿಗೆ ಭೂನ್ಯಾಯ ಮಂಡಳಿಯ ಮೂಲಕ ಒಡೆತನ ಕೊಡುವ ವ್ಯವಸ್ಥೆ ಮಾಡಿತು. ಹೊಸದಾಗಿ ಗೇಣಿಗೆ ಕೊಡುವುದನ್ನು ನಿಷೇಧಿಸಿ, ಸೈನಿಕರಿಗೂ ನಾವಿಕರಿಗೂ ವಿನಾಯಿತಿ ಉಳಿಸಿತು. ಊರಿನಲ್ಲಿ ಇಲ್ಲದಿರಲು ಕಾನೂನು ಒಪ್ಪಿದ ಕಾರಣಗಳು ಯುದ್ಧ ಮತ್ತು ಸಮುದ್ರ ಎಂದಾಯಿತು. ಈ ಬರಹದ ಲೇಖಕನು ಮಸ್ಕತ್ತಿನಲ್ಲಿ ಹಡಗು ಸಾಗಣೆಯ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವನಾದ್ದರಿಂದ ಸಮುದ್ರಕ್ಕೆ ಸಾಕಷ್ಟು ಹತ್ತಿರದಲ್ಲಿದ್ದರೂ ನಾವಿಕನೆನಿಸಿಕೊಳ್ಳುವುದಿಲ್ಲ. ತೀರ್ಥಹಳ್ಳಿಯ ಕಡೆ ಅವನಿಗೆ ಬಂದಿರುವ ಒಂದು ಎಕರೆ ಅಡಿಕೆ ತೋಟವು ಅಜ್ಜನಿಗೆ ಫಾರಂ ನಂಬರ್ 7ರಿಂದಲೇ ದಕ್ಕಿದ್ದು. ಗೇಣಿದಾರನ ಮೊಮ್ಮಗನು ಈಗ ಊರಲ್ಲಿಲ್ಲದ ಒಡೆಯನ ಜಾಗದಲ್ಲಿ ಕುಳಿತಿದ್ದಾನೆ.

ಅನಿವಾಸಿ ಭಾರತೀಯನು ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು ಎಂಬುದು ವಿದೇಶಿ ವಿನಿಮಯದ ನಿಯಮವಾಗಿರುವುದರಿಂದ, ದೂರದಲ್ಲಿರುವವನಿಗೆ ಹೊಸ ತೋಟ ಮಾಡುವ ಯೋಚನೆಗಿಂತ ಇರುವುದನ್ನು ನಡೆಸುವ ಯೋಚನೆಯೇ ಯೋಗ್ಯ. ಅದಕ್ಕೆ ಮಲೆನಾಡಿನಲ್ಲಿ ಬಳಕೆಯಲ್ಲಿರುವ ದಾರಿಯೆಂದರೆ ಖೇಣಿ. ಕೆಲವೆಡೆ ಇದನ್ನು ಚೇಣಿ ಎನ್ನುತ್ತಾರೆ. ಖೇಣಿಯಲ್ಲಿ ಕೈಬದಲಾಗುವುದು ಮರದ ಮೇಲಿನ ಫಸಲೇ ಹೊರತು ಭೂಮಿಯಲ್ಲ. ಖೇಣಿದಾರನು ಕೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾನೆ. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕಿಲೋ ಒಣ ಅಡಿಕೆಯೆಂದೋ ಅಷ್ಟರ ಬೆಲೆಯೆಂದೋ ತೋಟದವನಿಗೆ ಕೊಡುತ್ತಾನೆ. ಆ ಲೆಕ್ಕ ಸಾಮಾನ್ಯವಾಗಿ 12, 13 ಕಿಲೋದ ಆಸುಪಾಸಿನಲ್ಲಿರುತ್ತದೆ. ಕರಾರು ಪತ್ರದಲ್ಲಿ ‘ಫಸಲಿನ ಮಾರಾಟ’ ಎಂದೇ ಬರೆಯಿಸಿ, ‘ಜಮೀನಿನ ಗುತ್ತಿಗೆ’ ಎಂಬ ಮಾತು ನುಸುಳದಂತೆ ನೋಡಿಕೊಳ್ಳುವುದರ ಕಾರಣವನ್ನು 1974ರ ಇತಿಹಾಸ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಖೇಣಿಯ ಸೌಕರ್ಯವೆಲ್ಲ ಕೊಯ್ಲಿನ ತಿಂಗಳುಗಳಿಗೆ ಸೀಮಿತವೆಂಬುದು ಲೇಖಕನಿಗೆ ಮೊದಲ ವರ್ಷ ಹೊಳೆಯಲಿಲ್ಲ. ಅವನ ತೋಟದಲ್ಲಿ ಫಲ ಕೊಡುವ ಮರಗಳು ಸುಮಾರು 500. ಮರಕ್ಕೆ ಸರಾಸರಿ ಮೂರು ಕೊನೆಯಂತೆ 1,500 ಕೊನೆ. ಇಪ್ಪತ್ತು ಕೊನೆಗಳನ್ನು ಉದುರಿಸಿ ತೂಗಿದಾಗ ಕೊನೆಗೆ ನಾಲ್ಕೂವರೆ ಕಿಲೋ ಬಂದಿದ್ದರಿಂದ ಒಟ್ಟು 67.5 ಕ್ವಿಂಟಾಲ್ ಹಸಿ ಅಡಿಕೆ ಆಗಬೇಕಿತ್ತು. ಖೇಣಿದಾರನು ತನ್ನದೇ ತಕ್ಕಡಿಯಲ್ಲಿ ತೂಗಿ ಬರೆದು ಕಳಿಸಿದ ಚೀಟಿಗಳನ್ನು ಕೂಡಿದರೆ ಸಿಕ್ಕಿದ್ದು 58. ಉಳಿದ ಒಂಬತ್ತೂವರೆ ಕ್ವಿಂಟಾಲಿಗೆ 12ರ ಲೆಕ್ಕದಲ್ಲಿ 114 ಕಿಲೋ ಒಣ ಅಡಿಕೆಯಾಗುತ್ತದೆ. ಕಿಲೋಗೆ 450 ರೂಪಾಯಿ ಎಂದು ಹಿಡಿದರೂ 51,300 ರೂಪಾಯಿ. ‘ಕೊಳೆಗೆ ಉದುರಿತು, ಅಣ್ಣಾ’ ಎಂದು ಫೋನಿನಲ್ಲಿ ಬಂದ ಉತ್ತರವು ಸುಳ್ಳೆನ್ನಲು ಅವನಲ್ಲಿ ಆಧಾರವಿರಲಿಲ್ಲ, ನಿಜವೆನ್ನಲೂ ಇರಲಿಲ್ಲ. ಏಕೆಂದರೆ ಕೊಳೆಗೆ ಔಷಧಿ ಹೊಡೆಸಬೇಕಾದವನು ಖೇಣಿದಾರನಲ್ಲ, ತೋಟದವನು.

ಕೊಳೆರೋಗವು ಮುಂಗಾರಿನ ತೇವದಲ್ಲಿ ಹರಡುವ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಯಿಂದ ಬರುತ್ತದೆ. ಎಳೆಯ ಕಾಯಿಯ ಮೇಲೆ ನೀರುಂಡಂಥ ಕಡುಹಸಿರು ಮಚ್ಚೆ ಮೂಡಿ, ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ಬಿದ್ದ ಕಾಯಿಗೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಇದಕ್ಕೆ ಮಳೆ ಬಲಿಯುವ ಮೊದಲೊಮ್ಮೆ, ಅಲ್ಲಿಂದ ನಲವತ್ತು, ನಲವತ್ತೈದು ದಿನಗಳಿಗೆ ಮತ್ತೊಮ್ಮೆ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಅಳತೆ. ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಚಾಕುವಿನ ಮೇಲೆ ತಾಮ್ರದ ಕೆಂಪು ಲೇಪ ಕಾಣಿಸುತ್ತದೆ. ಔಷಧಿ ಹೊಡೆದಿದೆಯೇ ಎಂದು ಮಸ್ಕತ್ತಿನಿಂದ ತಿಳಿಯಲು ಲೇಖಕನು ಈಗ ಕೇಳುವುದು ಮೂರು ಫೋಟೋಗಳನ್ನು: ಅದ್ದಿ ತೆಗೆದ ಚಾಕು, ತಿಳಿನೀಲಿ ಕಲೆ ಒಣಗಿದ ಕೊನೆ, ಹದಿನೈದು ದಿನಗಳ ನಂತರ ಮರದ ಬುಡ. ಬುಡದಲ್ಲಿ ಬೂಷ್ಟು ಹಿಡಿದ ಕಾಯಿ ಎಷ್ಟು ಬಿದ್ದಿದೆಯೆಂಬ ಲೆಕ್ಕ ಬರೆದಿಡುವ ಕೆಲಸದವನಿಗೆ ಬೇರೆಯಾಗಿ ಕೂಲಿ ಕೊಡುತ್ತಾನೆ, ಅವನು ಖೇಣಿದಾರನ ಊರಿನವನಾಗಿರದಂತೆಯೂ ನೋಡಿಕೊಳ್ಳುತ್ತಾನೆ. ಇಷ್ಟು ಅಪನಂಬಿಕೆ ಅಜ್ಜನಿಗೆ ಇಷ್ಟವಾಗುತ್ತಿತ್ತೋ ಇಲ್ಲವೋ!

ತೂಕದ ವಿಷಯದಲ್ಲಿ ಅವನು ಕಂಡುಕೊಂಡದ್ದು ಸರಳ ವ್ಯವಸ್ಥೆ. ಹಸಿ ಅಡಿಕೆ ತುಂಬಿಕೊಂಡು ತೋಟದಿಂದ ಹೊರಟ ಗಾಡಿ ಪೇಟೆಯ ವೇ ಬ್ರಿಡ್ಜಿನಲ್ಲಿ ತುಂಬಿದ ತೂಕ, ಖಾಲಿ ತೂಕ ಎರಡನ್ನೂ ಅಚ್ಚು ಹಾಕಿಸಿ ಮುಂದೆ ಹೋಗಬೇಕು. ಖೇಣಿದಾರನು ಕೊಡುವ ಒಣ ಅಡಿಕೆ ಮನೆಗೆ ಬಾರದೆ, ಶಿವಮೊಗ್ಗದಲ್ಲಿರುವ ಲೇಖಕನ ತಾಯಿಯ ಹಳೆಯ ಸದಸ್ಯತ್ವದ ಮೇಲೆ ಅಡಿಕೆ ಮಾರಾಟ ಸಹಕಾರ ಸಂಘಕ್ಕೆ ಹೋಗಬೇಕು. 1939ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದ ಮ್ಯಾಮ್‌ಕೋಸ್‌ನಂಥ ಸಂಘಗಳು ಬೆಳೆಗಾರನಿಗೆ ಬೆಲೆಗಿಂತ ಮೊದಲು ಕೊಡುವುದು ತನ್ನದೂ ಅಲ್ಲದ, ವ್ಯಾಪಾರಿಯದೂ ಅಲ್ಲದ ಒಂದು ತಕ್ಕಡಿಯನ್ನು. ಈ ಏರ್ಪಾಟಿನಿಂದ ಖೇಣಿದಾರನು ಕ್ವಿಂಟಾಲಿಗೆ 12 ಕಿಲೋದ ಮಾತನ್ನು 11.5ಕ್ಕೆ ಇಳಿಸಿದ. ಅರ್ಧ ಕಿಲೋ ಎಂದರೆ 67 ಕ್ವಿಂಟಾಲಿಗೆ 33 ಕಿಲೋಗಿಂತ ಹೆಚ್ಚು. ಹಿಂದಿನ 114ರ ಪಕ್ಕದಲ್ಲಿ ಇಟ್ಟು ನೋಡಿದರೆ ಒಪ್ಪಬಹುದಾದ ನಷ್ಟ.

ಇನ್ನುಳಿದದ್ದು ಕಾಗದ. ತಾಯಿಗೆ ಕೊಟ್ಟ ಅಧಿಕಾರ ಪತ್ರವು ಫಸಲು ಮಾರಲು, ಹಣ ಪಡೆಯಲು ಮಾತ್ರ ಸಾಲುವಂಥದ್ದು, ಜಮೀನು ಪರಭಾರೆಗೆ ಅಲ್ಲ. ಹೊರದೇಶದಲ್ಲಿ ಸಹಿಯಾದ ಅಂಥ ಪತ್ರಕ್ಕೆ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಹಣ ಜಮೆಯಾಗುವುದು ಎನ್‌ಆರ್‌ಒ ಖಾತೆಗೆ, ಅಂದರೆ ಅನಿವಾಸಿಯ ದೇಶದೊಳಗಿನ ಗಳಿಕೆಗೆಂದೇ ಇರುವ ಖಾತೆಗೆ. ಪ್ರತಿ ವರ್ಷ ಯುಗಾದಿಯ ರಜೆಯಲ್ಲಿ ಲೇಖಕನು ಪಹಣಿಯನ್ನು ತೆರೆದು, ಸಾಗುವಳಿದಾರನ ಹೆಸರು ಬರೆಯುವ 12ನೇ ಕಾಲಂ ನೋಡುತ್ತಾನೆ. ಅಲ್ಲಿ ಸ್ವಂತ ಸಾಗುವಳಿಯೆಂದು ಅವನ ಹೆಸರೇ ಇದೆ, ಹನ್ನೊಂದು ವರ್ಷಗಳಿಂದ ಅವನು ತೋಟದ ಕೆಸರು ತುಳಿದದ್ದು ಎರಡೇ ಸಲವಾದರೂ. ಕಳೆದ ಸಲ ಹೋದಾಗ ಅಟ್ಟದಲ್ಲಿ ಅಜ್ಜನ ಕಾಲದ ಕೊಳಗವೊಂದು ಸಿಕ್ಕಿತು; ಅದು ಒಡೆಯರದೋ ಗೇಣಿದಾರರದೋ ಎಂದು ಕೇಳಿದ್ದಕ್ಕೆ ತಾಯಿ, ತಳದ ತಗಡನ್ನು ಬೆರಳಿನಿಂದ ತಟ್ಟಿ, ‘ಅಳೆದು ನೋಡು’ ಎಂದರು.