ಕಾಫಿಯ ಪೊಟ್ಟಣದ ಹಿಂಬದಿ

ಮಿರಜ-ಸಾಂಗಲಿಯ ಸೀಮೆಯು ಚಹದ ಸೀಮೆ. ಇಲ್ಲಿ ಕಾಫಿಯ ಬೀಜವನ್ನು ಕಣ್ಣೆದುರಿಗೇ ಹುರಿದು ಬೀಸಿ ಕೊಡುವ ಅಂಗಡಿಯನ್ನು ನಾವಂತೂ ಕಂಡಿಲ್ಲ. ಹಿಂದೆ ರಾಣಿ ಚೆನ್ನಮ್ಮ ಗಾಡಿಯಲ್ಲಿ ಬೆಂಗಳೂರಿನಿಂದ ಬರುವ ನೆಂಟರಿಗೆ ಹೇಳಿಕಳುಹಿಸಿ ತರಿಸುತ್ತಿದ್ದೆವು. ಮೈಸೂರಿನ ಹುಡುಗಿ ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೆ ಅಷ್ಟರಿಂದ ಸಾಗದಾಯಿತು. ಆಕೆಗೆ ಬೆಳಗಿನ ಕಾಫಿಯಾದರೂ ತವರಿನಂತಿರಲಿ ಎಂದು ಮೊಬೈಲಿನ ಮೂಲಕ ಒಂದು ಪೊಟ್ಟಣ ತರಿಸಿದೆವು.

ಪೊಟ್ಟಣದ ಮುಂಬದಿಯಲ್ಲಿ ‘ಚಿಕ್ಕಮಗಳೂರು’, ‘ಪೀಬೆರಿ’, ‘ತಾಜಾ ಹುರಿದದ್ದು’ ಎಂಬ ಮೂರು ಮಾತುಗಳು ದೊಡ್ಡ ಅಕ್ಷರಗಳಲ್ಲಿದ್ದವು. ಸೊಸೆ ಮೊದಲ ದಿನ “ಚೆನ್ನಾಗಿದೆ ಮಾವ” ಎಂದಳು. ವಾರದೊಳಗೆ ಸದ್ದಿಲ್ಲದೆ ಚಹಕ್ಕೆ ತಿರುಗಿದಳು. ಅದನ್ನು ನಮಗಿಂತ ಮುಂಚೆ ಕಂಡವರು ನಮ್ಮ ಮನೆಯವರು. “ರೀ, ಆ ಹುಡುಗಿ ನಿಮ್ಮ ಮಾರಿ ನೋಡಿ ಚಲೋ ಅಂದಾಳ. ಚೀಲದ ಹಿಂದ ಏನ್ ಬರದದ ಒಮ್ಮೆ ಓದ್ರಿ” ಎಂದರು.

ಓದಿದೆವು. ಕಾಫಿ ಶೇಕಡಾ 53, ಚಿಕೋರಿ ಶೇಕಡಾ 47. ಪೊಟ್ಟಣ ಕಟ್ಟಿ ನಾಲ್ಕು ತಿಂಗಳಾಗಿತ್ತು. ಹುರಿದ ದಿನದ ಸುಳಿವೇ ಇಲ್ಲ. ಮೂವತ್ತು ವರುಷ ಮಕ್ಕಳಿಗೆ ‘ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ’ ಎಂದು ಬೋಧಿಸಿದ ನಾವೇ ಅರ್ಧ ಓದಿ ಹಣ ತೆತ್ತಿದ್ದೆವು.

ಆದರೆ ಮಾರಿದವನು ಕಾನೂನು ಮೀರಿದನೆಂದು ಹೇಳಲೂ ಬಾರದು. ಚಿಕೋರಿಯ ಪ್ರಮಾಣವನ್ನು ಚೀಲದ ಮೇಲೆ ಬರೆಯಬೇಕು, ಕಾಫಿಯು ಶೇಕಡಾ 51ಕ್ಕೆ ಕಡಿಮೆಯಿರಬಾರದು ಎಂಬಷ್ಟೇ ಕಟ್ಟಳೆ. ತಾರೀಖಿನ ವಿಷಯ ಇನ್ನೂ ಸೂಕ್ಷ್ಮ. 2018ರ ಜನವರಿಯಿಂದ ಜಾರಿಗೆ ಬಂದ ನಿಯಮದಂತೆ, ಪೊಟ್ಟಣದ ಮೇಲಿರಬೇಕಾದ ವಿವರಗಳನ್ನು ಮಾರುವವರು ಪರದೆಯ ಮೇಲೂ ತೋರಿಸಬೇಕು. ಆದರೆ ತಯಾರಿಸಿದ ಅಥವಾ ಪೊಟ್ಟಣ ಕಟ್ಟಿದ ತಿಂಗಳು-ವರ್ಷಕ್ಕೆ ಆ ನಿಯಮದಲ್ಲಿಯೇ ವಿನಾಯಿತಿಯುಂಟು. ಕಾಫಿಗೆ ಮುಖ್ಯವಾದ ಸಂಗತಿಯೇ ಕೊಳ್ಳುವಾಗ ಕಾಣದೆ ಹೋಗಬಹುದು! ಅಲ್ಲದೆ ಕಟ್ಟಿದ ದಿನವೇ ಹುರಿದ ದಿನವೆಂದು ತಿಳಿಯಬಾರದು. ಹುರಿದು ತಿಂಗಳುಗಟ್ಟಲೆ ಮೂಟೆಯಲ್ಲಿದ್ದುದನ್ನು ನಿನ್ನೆ ಕಟ್ಟಿದರೂ ಚೀಲದ ಮೇಲೆ ನಿನ್ನೆಯ ತಾರೀಖೇ ಬೀಳುತ್ತದೆ.

ಆದುದರಿಂದ ಎರಡನೆಯ ಸಲ ಹಣ ಕಳುಹಿಸುವ ಮೊದಲು ಇಬ್ಬರು ಮಾರಾಟಗಾರರಿಗೆ ಒಂದೇ ಪ್ರಶ್ನೆ ಬರೆದೆವು: ‘ನೀವು ಕಳುಹಿಸಲಿರುವ ಬೀಜವನ್ನು ಹುರಿದದ್ದು ಯಾವ ದಿನ? ಚೀಲದ ಹಿಂಬದಿಯ ಚಿತ್ರವನ್ನು ಕಳುಹಿಸಬಲ್ಲಿರಾ?’ ಒಬ್ಬರು ‘ನಮ್ಮದು ಸದಾ ತಾಜಾ’ ಎಂದು ಉತ್ತರಿಸಿದರು. ಇನ್ನೊಬ್ಬರು ಮಂಗಳವಾರ ಹುರಿಯುತ್ತೇವೆ, ಬುಧವಾರ ಅಂಚೆಗೆ ಹಾಕುತ್ತೇವೆ ಎಂದು ತಿಳಿಸಿ ಚಿತ್ರವನ್ನೂ ಕಳುಹಿಸಿದರು. ಎರಡನೆಯವರಿಂದ 250 ಗ್ರಾಂ ಮಾತ್ರ ತರಿಸಿದೆವು, ಅದೂ ಪುಡಿಯನ್ನಲ್ಲ, ಬೀಜವನ್ನು.

ಬೀಜವನ್ನೇ ಏಕೆ ಎಂದರೆ, ಪುಡಿಯಾದ ಮೇಲೆ ಪೀಬೆರಿಯೂ ಒಂದೇ, ಉಳಿದದ್ದೂ ಒಂದೇ. ಇಡಿಯಾಗಿದ್ದರೆ ಪೀಬೆರಿಯು ದುಂಡಗೆ ಬಟಾಣಿಯಂತಿರುತ್ತದೆ, ಸಾಧಾರಣ ಬೀಜಕ್ಕೆ ಒಂದು ಮಗ್ಗುಲು ಚಪ್ಪಟೆ. ಹುರಿದ ತಾರೀಖಿನ ಮಾತನ್ನೂ ಬೀಜದಿಂದಲೇ ತಕ್ಕಮಟ್ಟಿಗೆ ಒರೆಗೆ ಹಚ್ಚಬಹುದು. ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ಸೆರೆಯಾಗಿದ್ದು, ವಾರಗಳ ಕಾಲ ಮೆಲ್ಲಗೆ ಹೊರಬೀಳುತ್ತದೆ. ಹೊಸ ಬೀಜವನ್ನು ಆಗಲೇ ಬೀಸಿ ಬಿಸಿನೀರು ಹನಿಸಿದರೆ ಪುಡಿ ಉಬ್ಬಿ ನೊರೆಗಟ್ಟುತ್ತದೆ. ಹಳೆಯದಾದರೆ ಒದ್ದೆ ಮಣ್ಣಿನಂತೆ ಸುಮ್ಮನೆ ಕೂರುತ್ತದೆ. ಬೀಸಿ ತಂದ ಪುಡಿಗೆ ಈ ಪರೀಕ್ಷೆ ಸಲ್ಲದು. ಪುಡಿಯಿಂದ ಅನಿಲ ಬೇಗನೆ ಹೋಗಿಬಿಡುವುದರಿಂದ, ಅದು ಉಬ್ಬಲಿಲ್ಲವೆಂದು ಮಾರಿದವನನ್ನು ಸುಳ್ಳುಗಾರನೆನ್ನಲಾಗದು.

ಪುಡಿಗೆ ಬೇರೊಂದು ಪರೀಕ್ಷೆಯಿದೆ. ಅದನ್ನು ಏಳನೆಯ ಇಯತ್ತೆಯ ಮಕ್ಕಳ ಮುಂದೆಯೇ ಮಾಡಿದೆವು. ಎರಡು ಗಾಜಿನ ಲೋಟಗಳಲ್ಲಿ ತಣ್ಣೀರಿಟ್ಟು, ಒಂದರಲ್ಲಿ ಹಳೆಯ ಚೀಲದ ಪುಡಿಯನ್ನೂ ಇನ್ನೊಂದರಲ್ಲಿ ಹೊಸ ಬೀಜದ ಪುಡಿಯನ್ನೂ ಒಂದೊಂದು ಚಿಟಿಕೆ ಉದುರಿಸಿದೆವು. ಹೊಸದು ಮೇಲೆ ತೇಲಿತು. ಹಳೆಯದರಲ್ಲಿದ್ದ ಚಿಕೋರಿಯು ಕೆಲವೇ ಕ್ಷಣಗಳಲ್ಲಿ ಕಂದು ಬಾಲ ಬಿಡುತ್ತ ತಳಕ್ಕಿಳಿಯಿತು. ಆ ಮೊದಲ ಅರ್ಧ ನಿಮಿಷದಲ್ಲಿ ಕಂಡುದೇ ಸಾಕ್ಷಿ. ಬಹಳ ಹೊತ್ತು ಬಿಟ್ಟರೆ ನೆನೆದ ಕಾಫಿಯೂ ಮುಳುಗುತ್ತದೆ.

ಚಿಕೋರಿಯನ್ನು ನಾವು ಹಳಿಯುವುದಿಲ್ಲ. ಸೊಸೆಯ ತವರಿನಲ್ಲಿಯೂ ಅದನ್ನು ಸ್ವಲ್ಪ ಬೆರೆಸುತ್ತಾರಂತೆ. ಕಾಫಿಯ ಬೆಲೆ ಪಡೆದು ಅರ್ಧ ಚಿಕೋರಿ ಕೊಟ್ಟರೆ ಮಾತ್ರ ನಮ್ಮ ತಕರಾರು.

ಹೊಸ ಬೀಜ ಬಂದ ಮರುದಿನ ಬೆಳಿಗ್ಗೆ ಸೊಸೆ ಫಿಲ್ಟರಿಗೆ ನೀರು ಹನಿಸಿ, “ಮಾವ, ಬನ್ನಿ, ಉಬ್ಬುತ್ತಾ ಇದೆ” ಎಂದು ಕರೆದಳು. ಅಂದು ಚೆನ್ನಾಗಿದೆಯೆಂದು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಎರಡನೆಯ ಲೋಟ ಬಗ್ಗಿಸಿಕೊಂಡಳು.