ಊಟದ ಮಾರನೇ ದಿನದ ಚೀಟಿ

ಹೋದ ಜನವರಿಯ ಮಾತು. ನಮ್ಮ ಆಫೀಸಿಗೆ ಇಂಗ್ಲೆಂಡಿನಿಂದ ಮೂರು ತಿಂಗಳಿಗೆ ಅಂತ ಬಂದಿದ್ದ ಗೆಳೆಯನೊಬ್ಬನನ್ನು ದೊಡ್ಡಬಳ್ಳಾಪುರದ ದೊಡ್ಡಮ್ಮನ ಮನೆಗೆ ರಾತ್ರಿ ಊಟಕ್ಕೆ ಕರ್ಕೊಂಡು ಹೋಗಿದ್ದೆ. ಅವರೆಕಾಯಿ ಕಾಲ. ಹಿದುಕಿದ ಬೇಳೆ ಸಾರು, ರಾಗಿ ಮುದ್ದೆ, ಅನ್ನ, ಹಪ್ಪಳ, ಮೊಸರು. ಸಾರನ್ನು ಎರಡು ಸಲ ಹಾಕಿಸಿಕೊಂಡ ಪುಣ್ಯಾತ್ಮ ಮುದ್ದೆಯನ್ನು ಮಾತ್ರ ಅರ್ಧಕ್ಕೇ ಬಿಟ್ಟ. ಎಷ್ಟು ಹೇಳಿಕೊಟ್ಟರೂ ಅಗಿಯುವುದನ್ನು ನಿಲ್ಲಿಸಲಿಲ್ಲ. ಅಗಿದರೆ ಮುದ್ದೆ ಹಲ್ಲಿಗೆ ಅಂಟಿಕೊಂಡು ಬಾಯೆಲ್ಲ ಮೆತ್ತಿಕೊಳ್ಳುತ್ತೆ, ಇನ್ನೆಲ್ಲಿ ಒಳಗೆ ಹೋಗಬೇಕು!

ಮಾರನೇ ಬೆಳಿಗ್ಗೆ ಏಳಕ್ಕೇ ದೊಡ್ಡಮ್ಮನ ಫೋನು. "ಯಾಕೋ ಮಗ, ಮುದ್ದೆ ಗಂಟಾಗಿತ್ತಾ? ಆಯಪ್ಪ ಬಿಟ್ಟುಬಿಟ್ರಲ್ಲ." ರಾತ್ರಿಯೆಲ್ಲ ಅದನ್ನೇ ಯೋಚಿಸಿರಬೇಕು.

ಆಫೀಸಿಗೆ ಹೋದರೆ ಇವನು ಆಗಲೇ ಒಂದು ಚೀಟಿ ಬರೆದಿಟ್ಟುಕೊಂಡು ಕಾಯುತ್ತಿದ್ದ. ಅವರ ಕಡೆ ಊಟಕ್ಕೆ ಕರೆದವರಿಗೆ ಮಾರನೇ ದಿನ ಎರಡು ಸಾಲು ಬರೆದು ಕಳಿಸುವುದು ರೂಢಿಯಂತೆ. ಯಾವುದೋ ಪುಸ್ತಕ ನೋಡಿ ಕನ್ನಡದಲ್ಲೇ ಬರೆದಿದ್ದ: "ಪ್ರಿಯ ಅಮ್ಮ, ನಿನ್ನ ಅದ್ಭುತ ಆತಿಥ್ಯಕ್ಕಾಗಿ ಧನ್ಯವಾದಗಳು. ನಾನು ನಿನ್ನ ಆಹಾರವನ್ನು ಪ್ರೀತಿಸಿದೆನು."

ನಗು ತಡೆದುಕೊಳ್ಳೋಕೆ ಆಗಲಿಲ್ಲ :-) ಆದರೆ ತಪ್ಪೇನು ಅಂತ ಹೇಳಹೊರಟಾಗ ನನಗೇ ತಡವರಿಸಿತು. ಆಹಾರ ಅಂದರೆ ನಮಗೆ ರೇಷನ್ ಕಾರ್ಡಿನ ಇಲಾಖೆ ನೆನಪಾಗುತ್ತೆ, ಮನೆಯಲ್ಲಿ ಮಾಡುವುದು ಊಟ. ಅದನ್ನು ನಾನು ಪ್ರೀತಿಸುವುದಿಲ್ಲ, ಅದು ನನಗೆ ಇಷ್ಟ ಆಗುತ್ತೆ. ಹೋಗಲಿ, "ಊಟ ಚೆನ್ನಾಗಿತ್ತು" ಅಂದರೆ ನಾನು ಅನ್ನೋ ಮಾತೇ ಬೇಡ. "ನಿನ್ನ" ಅನ್ನುವುದನ್ನು ಮೊದಲು ಹೊಡೆದುಹಾಕಿದೆ. ನಾನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು, ನಾನು ನೀನು ಅನ್ನಬಹುದು. ಒಂದು ಹೊತ್ತು ಉಂಡುಹೋದವನು ನೀವು ಅನ್ನಬೇಕು, ಕೊನೆಗೆ "ರಿ" ಬರಬೇಕು.

ಧನ್ಯವಾದದ ಹತ್ತಿರ ಮಾತ್ರ ವಾದ ಆಯ್ತು. "ಅದನ್ನೂ ತೆಗೆದರೆ ಉಳಿಯೋದೇನು?" ಅಂದ. ಅವನ ಪ್ರಶ್ನೆಯೂ ಸರಿಯೇ. ಆದರೆ ನಮ್ಮ ಕಡೆ ಧನ್ಯವಾದ ಅಂದರೆ ಕಾರ್ಯಕ್ರಮದ ಕೊನೆಗೆ ಮೈಕ್ ಹಿಡಿದು, ಶಾಮಿಯಾನದವರಿಂದ ಹಿಡಿದು ಎಲ್ಲರಿಗೂ ಹೇಳುವ ಮಾತು. ಬಡಿಸಿದವರಿಗೆ ಹಾಗಂದರೆ ಲೆಕ್ಕ ಚುಕ್ತಾ ಮಾಡಿ ಎದ್ದುಹೋದ ಹಾಗೆ. ಅದರ ಬದಲು ಅವರು ಪಟ್ಟ ಕಷ್ಟವನ್ನು ನೀನು ನೋಡಿದ್ದೀಯ ಅಂತ ಅವರಿಗೆ ಗೊತ್ತಾಗಬೇಕು ಅಂದೆ. ಯಾವ ಕಷ್ಟ ಅಂತ ಅವನಿಗೆ ಗೊತ್ತೇ ಇರಲಿಲ್ಲ! ಅವರೆಕಾಯಿ ಸುಲಿದು, ಕಾಳನ್ನು ಗಂಟೆಗಟ್ಟಲೆ ನೀರಲ್ಲಿ ನೆನೆಸಿ, ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿದುಕಿ ಸಿಪ್ಪೆ ಬಿಡಿಸಬೇಕು. ಒಂದು ಪಾತ್ರೆ ಸಾರಿಗೆ ಒಂದು ಮಧ್ಯಾಹ್ನವೇ ಹೋಗುತ್ತೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ.

ಮುದ್ದೆಯ ವಿಷಯ ಬರೆಯೋಕೆ ಅವನಿಗೆ ಸಂಕೋಚ. ಬಿಟ್ಟಿದ್ದನ್ನು ಎತ್ತಿ ಆಡಬಾರದಂತೆ. ನಮ್ಮಲ್ಲಿ ಎತ್ತದಿದ್ದರೇ ತಪ್ಪು, ಬೆಳಿಗ್ಗೆ ಫೋನೇ ಬಂದಿತ್ತಲ್ಲ! ಕೊನೆಯ ಸಾಲು "ಹೋಗಿದ್ದು ಸಂತೋಷ" ಅಂತಿತ್ತು. ಹೋಗುವ ಮಾತು ಬೇಡ ಮಾರಾಯ, "ಬರ್ತೀನಿ" ಅಂತ ಮುಗಿಸು ಅಂದೆ. ಕಡೆಗೆ ಆಗಿದ್ದು ಇಷ್ಟು:

"ಅಮ್ಮಾ, ನಿನ್ನೆ ಊಟ ತುಂಬಾ ಚೆನ್ನಾಗಿತ್ತು. ಅಷ್ಟೊಂದು ಕಾಳು ಹಿದುಕಿ ಸಾರು ಮಾಡಿದ್ರಿ, ಆ ರುಚಿ ಇನ್ನೂ ಬಾಯಲ್ಲೇ ಇದೆ. ಮುದ್ದೆ ಬಿಟ್ಟೆ ಅಂತ ಬೇಜಾರು ಮಾಡ್ಕೋಬೇಡಿ. ಮುದ್ದೆ ಚೆನ್ನಾಗಿತ್ತು, ನನಗೇ ನುಂಗೋಕೆ ಬರಲಿಲ್ಲ. ಕಲಿತುಕೊಂಡು ಇನ್ನೊಂದು ಸಲ ಬರ್ತೀನಿ."

ನಾನು ಬರೆದುಕೊಟ್ಟಿದ್ದನ್ನು ನೋಡಿಕೊಂಡು ಅವನೇ ಕೈಯಲ್ಲಿ ಬರೆದ. ಒತ್ತಕ್ಷರ ಮತ್ತು ದೀರ್ಘದಲ್ಲಿ ಎಡವಿದ. "ಮುದ್ದೆ" ಹೋಗಿ "ಮುದೆ" ಆಯ್ತು, "ಸಾರು" "ಸರು" ಆಯ್ತು. "ಮುದ್ದೆ" ಒಂದನ್ನು ತಿದ್ದಿಸಿ ಉಳಿದಿದ್ದನ್ನು ಹಾಗೇ ಬಿಟ್ಟೆ. ತೀರಾ ಸರಿಯಾಗಿದ್ದರೆ ನಾನೇ ಬರೆದೆ ಅಂದುಕೊಳ್ಳುತ್ತಿದ್ದರು.

ಭಾನುವಾರ ಹೋಗಿ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು, ಬೆರಳಿಟ್ಟು ಎರಡು ಸಲ ಓದಿದರು. "ಸರು" ಅನ್ನುವಲ್ಲಿ ನಿಂತು ನಕ್ಕರು. ಮಡಿಸಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಅಂದರು, "ಕಾಳು ಹಿದುಕಿದ್ದು ಅವರಿಗೆ ಯಾರು ಹೇಳಿದ್ರು, ನೀನಾ?"

ಹೂಂ ಅಂದೆ.

"ಹೇಳಿದ್ದೇನೋ ಸರಿ, ಮುದ್ದೆ ನುಂಗೋದನ್ನೂ ಸರಿಯಾಗಿ ಹೇಳ್ಕೊಡಬಾರದಾ? ಮುಂದಿನ ಸಲ ಅವರಿಗೆ ನಿಂಬೆಹಣ್ಣಿನಷ್ಟು ಚಿಕ್ಕ ಮುದ್ದೆ ಕಟ್ತೀನಿ. ಅವರೆಕಾಯಿ ಮುಗಿಯೋದ್ರೊಳಗೆ ಕರ್ಕೊಂಬಾ."