ಮೂರು ಬಾಗಿಲು, ಮೂರು ಲಾಕು

ಮಗು ಅಂಬೆಗಾಲು ಹಾಕೋಕೆ ಶುರು ಮಾಡಿದ ಮೇಲೆ ನಮ್ಮ ಅಡುಗೆಮನೆಯಲ್ಲಿ ಕಟ್ಟೆಯ ಕೆಳಗಿನ ಜಾಗವೆಲ್ಲ ಅವಳದ್ದೇ. ಡಬ್ಬ, ತಟ್ಟೆ, ಸೌಟು ಎಳೆದು ಹಾಕಿದರೆ ಹಾಕಲಿ, ಎತ್ತಿಟ್ಟರಾಯಿತು. ಆದರೆ ಮೂರು ಜಾಗ ಮಾತ್ರ ಬಿಟ್ಟುಕೊಡೋಕಾಗಲ್ಲ: ಫಿನಾಯಿಲು, ಡ್ರೈನ್ ಕ್ಲೀನರ್ ಇರೋ ಸಿಂಕ್ ಕೆಳಗಿನ ಕಪಾಟು, ಚಾಕುಗಳ ಡ್ರಾಯರ್, ಗ್ಯಾಸ್ ಸಿಲಿಂಡರ್ ಇಟ್ಟಿರೋ ಗೂಡು. ಅಂಗಡಿಯಲ್ಲಿ ಸಿಗೋ ಲಾಕುಗಳಲ್ಲಿ ಹೆಚ್ಚಿನವು ಮೂರು ಜಾತಿಯವು. ಹೊರಗೆ ಅಂಟಿಸೋ ಪಟ್ಟಿ, ಒಳಗೆ ಸ್ಕ್ರೂ ಹಾಕೋ ಸ್ಪ್ರಿಂಗ್ ಕೊಕ್ಕೆ, ಮತ್ತೆ ಒಳಗೇ ಅಡಗಿದ್ದು ಹೊರಗಿಂದ ಆಯಸ್ಕಾಂತ ಹಿಡಿದರೆ ಬಿಟ್ಟುಕೊಳ್ಳೋ ಮ್ಯಾಗ್ನೆಟ್ ಲಾಕ್.

ಮೊದಲು ಸಿಂಕ್. ಇಲ್ಲಿ ಗಟ್ಟಿತನವೇ ಮುಖ್ಯ. ಅಂಟಿಸೋ ಪಟ್ಟಿಯ ಬಲವೆಲ್ಲ ಅದು ಕೂತ ಮೇಲ್ಮೈಯಲ್ಲಿದೆ. ನಮ್ಮ ಶಟರ್‌ಗೆ ಮರದ ಗೆರೆಯಂಥ ತರಿತರಿ ಲ್ಯಾಮಿನೇಟ್. ಅದರ ಉಬ್ಬುಗಳಿಗೆ ಮಾತ್ರ ಅಂಟು ತಾಗುತ್ತೆ, ತಗ್ಗುಗಳಲ್ಲಿ ಗಾಳಿ. ಮೇಲಿಂದ ಒಗ್ಗರಣೆಯ ಎಣ್ಣೆ ಪಸೆ ಬೇರೆ. ಅಂಥ ಕಡೆ ಪಟ್ಟಿಯ ಅಂಚು ನಿಧಾನವಾಗಿ ಮೇಲೇಳುತ್ತೆ. ಉಗುರು ಒಳಗೆ ಹೋಗುವಷ್ಟು ಸಂದು ಕಂಡರೆ ಅದರ ಕಥೆ ಮುಗಿದಂತೆ. ಸ್ಪ್ರಿಂಗ್ ಕೊಕ್ಕೆ ಗಟ್ಟಿ, ಆದರೆ ಬಾಗಿಲು ಒಂದಿಂಚು ತೆರೆದ ಮೇಲೇ ಅದು ತಡೆಯೋದು. ಆ ಸಂದಿಗೆ ದೊಡ್ಡವರು ಬೆರಳು ತೂರಿಸಿ ಕೊಕ್ಕೆ ಅದುಮಬೇಕು. ಮಗುವಿನ ಬೆರಳೂ ಅಲ್ಲಿಗೇ ಹೋಗುತ್ತೆ, ಬಾಗಿಲು ಮುಚ್ಚಿಕೊಂಡರೆ ಚಚ್ಚುತ್ತೆ. ಹಾಗಾಗಿ ಸಿಂಕಿಗೆ ಮ್ಯಾಗ್ನೆಟ್ ಲಾಕ್ ಹಾಕಿಸಿದ್ವಿ. ನಮ್ಮ ಶಟರ್ 18 ಮಿಲಿಮೀಟರ್ ದಪ್ಪ, ಆಯಸ್ಕಾಂತಕ್ಕೆ ಅದು ಕಷ್ಟವಲ್ಲ. ಕಪಾಟಿನ ಒಳಮೈ ನುಣುಪಾಗಿರೋದರಿಂದ ಅಂಟೂ ಚೆನ್ನಾಗಿ ಕೂರುತ್ತೆ: ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ, ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಇಡೀ ದಿನ ಲಾಕ್ ಹಾಕದೆ ಬಿಡಬೇಕು. ಸ್ವಂತ ಮನೆಯಾದರೆ ಸ್ಕ್ರೂ ಇನ್ನೂ ವಾಸಿ. ಆದರೆ 18ರ ಹಲಗೆಗೆ 12 ಮಿಲಿಮೀಟರ್ ಸ್ಕ್ರೂ ಸಾಕು, ಉದ್ದದ್ದು ಹಾಕಿದರೆ ಲ್ಯಾಮಿನೇಟ್ ಸೀಳಿ ಆಚೆ ಬರುತ್ತೆ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡಿನಲ್ಲಂತೂ ಯಾವ ಸ್ಕ್ರೂನೂ ನಿಲ್ಲಲ್ಲ.

ಡ್ರಾಯರ್ ಕಥೆ ಬೇರೆ. ನಮ್ಮದು ಒಂದರ ಕೆಳಗೊಂದು ಮೂರು ಡ್ರಾಯರ್. ಚಾಕು ಇದ್ದದ್ದು ಎರಡನೆಯದರಲ್ಲಿ. ಒಳಗಿನ ಕೊಕ್ಕೆಗೆ ಸಿಕ್ಕಿಹಾಕಿಕೊಳ್ಳೋಕೆ ಮೇಲೊಂದು ಕದಲದ ಅಡ್ಡಪಟ್ಟಿ ಬೇಕು. ಮಾಡ್ಯುಲರ್ ಕಿಚನ್ನಿನಲ್ಲಿ ಎಷ್ಟೋ ಸಲ ಆ ಪಟ್ಟಿ ಮೊದಲ ಡ್ರಾಯರಿನ ಮೇಲೆ, ಕಟ್ಟೆಯ ಅಡಿಯಲ್ಲಿ ಮಾತ್ರ ಇರುತ್ತೆ. ಡ್ರಾಯರುಗಳ ಮಧ್ಯೆ ಏನೂ ಇರಲ್ಲ. ಹೊರಗಿನ ಪಟ್ಟಿಯಿಂದ ಎರಡನೆಯದನ್ನ ಮೊದಲನೆಯದಕ್ಕೆ ಕಟ್ಟಿದರೆ? ಎಳೆದಾಗ ಎರಡೂ ಜೋಡಿಯಾಗಿ ಆಚೆ ಬರುತ್ತವೆ ಅಷ್ಟೇ. ಪರಿಹಾರ ಪುಕ್ಕಟೆಯದು: ಚಾಕು ಮೇಲಿನ ಡ್ರಾಯರಿಗೆ ಹೋಯ್ತು, ಚಮಚ ಕೆಳಗೆ ಬಂತು. ಮ್ಯಾಗ್ನೆಟ್ ಲಾಕ್ ಮೇಲಿನದಕ್ಕೆ ಬಿತ್ತು. ಲಾಕ್ ಕೊಳ್ಳೋ ಮೊದಲು ಡ್ರಾಯರ್ ಪೂರ್ತಿ ಎಳೆದು ಒಳಗೆ ಟಾರ್ಚ್ ಬಿಟ್ಟು ನೋಡಿ ಅನ್ನೋದು ಇದಕ್ಕೇ.

ಇನ್ನು ಗ್ಯಾಸ್ ಗೂಡು. ಇಲ್ಲಿ ಗಟ್ಟಿತನಕ್ಕಿಂತ ದೊಡ್ಡವರ ಸಲೀಸು ಮುಖ್ಯ. ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡೋಕೆ ಕ್ಷಣದಲ್ಲಿ ಕೈ ಹೋಗಬೇಕು, ಆಗ ಮ್ಯಾಗ್ನೆಟ್ ಕೀ ಹುಡುಕ್ತಾ ಕೂರೋಕಾಗಲ್ಲ. ಎದುರಿಗೇ ಕಾಣೋ, ಒಂದೇ ಕೈಯಲ್ಲಿ ಬಿಚ್ಚೋ ಪಟ್ಟಿಯೇ ಇಲ್ಲಿಗೆ ಸರಿ. ಈ ಗೂಡಿನ ಬಾಗಿಲು ನುಣುಪು ಗ್ಲಾಸಿ, ಹಾಗಾಗಿ ಅಂಟಿನ ಚಿಂತೆ ಇಲ್ಲ. ಅಂಗಡಿಯಲ್ಲೇ ಅತ್ತೆ ಕೈಗೆ ಕೊಟ್ಟು ನೋಡಿದ್ವಿ. ಎರಡು ಗುಂಡಿ ಒಟ್ಟಿಗೆ ಒತ್ತೋ ಪಟ್ಟಿ ಅವರ ಬೆರಳಿಗೆ ಬಗ್ಗಲಿಲ್ಲ. "ಇದನ್ನ ನಾನು ಹಾಕೋದೇ ಇಲ್ಲ ಕಣಮ್ಮ" ಅಂದರು. ಅದು ನ್ಯಾಯವೇ. ಹಾಕೋಕೆ ಬೇಜಾರಾಗೋ ಲಾಕು ಮೂರನೇ ದಿನದಿಂದ ತೆರೆದೇ ಇರುತ್ತೆ. ಒಂದೇ ಗುಂಡಿಯದ್ದು ತಂದ್ವಿ.

ಮ್ಯಾಗ್ನೆಟ್ ಕೀ ಫ್ರಿಜ್ಜಿನ ಬಾಗಿಲ ಮೇಲಂಚಿಗೆ ಅಂಟಿಕೊಂಡಿರುತ್ತೆ, ಅಡುಗೆಗೆ ಬರೋ ಅಕ್ಕನಿಗೂ ಗೊತ್ತಿದೆ. ಅತ್ತೆ ಮಾತ್ರ ಅದನ್ನ ಬೀಗದ ಕೈಯಂತೆ ಕೊರಳ ಸರಕ್ಕೆ ಸಿಕ್ಕಿಸಿಕೊಳ್ಳಬಾರದು. ಅವರಿಗೆ ಪೇಸ್‌ಮೇಕರ್ ಇದೆ, ಬಲವಾದ ಆಯಸ್ಕಾಂತ ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿರಬೇಕು.

ತಿಂಗಳಿಗೊಮ್ಮೆ ನಾನು ನೆಲದ ಮೇಲೆ ಕೂತು, ಮಗು ಎಳೆಯೋ ಹಾಗೆ ಕೆಳಗಿಂದ ಓರೆಯಾಗಿ, ಹತ್ತು ಸಲ ಜಗ್ಗಿ ನೋಡ್ತೀನಿ. ನಿಂತು ನೇರ ಎಳೆದರೆ ಗಟ್ಟಿ ಅನ್ನಿಸಿದ್ದು ಕೂತಾಗ ಅಲ್ಲಾಡೋದುಂಟು. ಡ್ರೈನ್ ಕ್ಲೀನರ್ ಮಾತ್ರ ಈಗ ಲಾಕಿನ ಹಿಂದೆಯೂ ಇಲ್ಲ, ಅಟ್ಟದ ಮೇಲಿದೆ. ಲಾಕು ಮಗುವನ್ನ ಸ್ವಲ್ಪ ಹೊತ್ತು ತಡೆಯುತ್ತೆ, ಅಷ್ಟರಲ್ಲಿ ನಾವು ಅಲ್ಲಿಗೆ ಹೋಗಿ ಮುಟ್ಟಬೇಕು.